ಎರಡನೆಯ ನರೇಗಲ್ಲ

ಉಳ್ಳಾಗಡ್ಡಿ ಸುಗ್ಗಿ. ಅಮರಗೋಳದ ಮಾರುಕಟ್ಟೆಯಲ್ಲಿ ಗಡ್ಡೆ ಆರಿಸುತ್ತಿದ್ದ ಜಯಾಳಿಗೆ ಅವ್ವ ತೀರಿದ ಸುದ್ದಿ ಬಂತು. ಹೊತ್ತು ಮುಳುಗುವುದರೊಳಗೆ ಮಣ್ಣು ಮಾಡುತ್ತಾರಂತೆ. ಹಫೀಜನ ಬಾಡಿಗೆ ಕಾರು ಹತ್ತಿ, “ನರೇಗಲ್ಲ” ಎಂದಷ್ಟೇ ಹೇಳಿ ಸೆರಗು ಹೊದ್ದು ಕೂತಳು.

ಹಫೀಜ ದಾರಿ ಹೇಳುವ ಹೊಸ ಯಂತ್ರದಲ್ಲಿ ಹೆಸರು ಒತ್ತಿದ. ಎರಡು ನರೇಗಲ್ಲ ಬಂದವು, ಮೇಲಿನದನ್ನು ಮುಟ್ಟಿದ.

ಶಿಗ್ಗಾವಿಯ ಬೋರ್ಡು ಕಂಡಾಗಲೇ ಜಯಾ ತಲೆಯೆತ್ತಿದಳು. “ಇದು ಗದಗ ದಾರಿ ಅಲ್ಲಲ್ರಿ ಅಣ್ಣಾ.”

“ಹಾನಗಲ್ಲ ತಾಲೂಕಿನ ನರೇಗಲ್ಲ ಅಲ್ಲೇನವಾ? ಗದಗ ಕಡೀದಂತ ಮೊದಲ ಹೇಳಬಾರದ?”

“ನಮಗ ನರೇಗಲ್ಲ ಅಂದ್ರ ಒಂದ ಐತ್ರಿ.”

ಹಫೀಜ ಕಾರು ತಿರುಗಿಸಿ, ಎರಡನೆಯದನ್ನು ಮುಟ್ಟಿದ.

ಊರು ಮುಟ್ಟುವಷ್ಟರಲ್ಲಿ ಕತ್ತಲಾಗಿ ಅವ್ವನ ಕುಣಿ ಮುಚ್ಚಿಯಾಗಿತ್ತು. ಒಳಗೆ ಹಾಕಬೇಕಿದ್ದ ಹಿಡಿಮಣ್ಣನ್ನು ಜಯಾ ಮೇಲೆಯೇ ಹಾಕಿದಳು. ಕೈ ಇನ್ನೂ ಉಳ್ಳಾಗಡ್ಡಿ ನಾರುತ್ತಿತ್ತು, ಅಳು ಬರಲಿಲ್ಲ.