ಅಲಾಯಿ ಕೋಲಿಯ ತಪಾಸಣೆ

ಬೀಗರು ಬರುತ್ತಾರೆಂದರೆ ಗೋಡೆಗೆ ಸುಣ್ಣ ಬಳಿಯುವ ಜನ ನಾವು. ರಾಸಾಯನಿಕ ಅಸ್ತ್ರ ನಿಷೇಧ ಒಪ್ಪಂದದ ತಪಾಸಣಾಧಿಕಾರಿಗಳು ಹೇಗ್‌ನಿಂದ ಬರುತ್ತಾರೆಂದು ದೆಹಲಿಯಿಂದ ಸುದ್ದಿ ಬಂದ ಸಂಜೆಯೇ ಮ್ಯಾನೇಜರ್ ದುರಗೇಶ ಕೊಪ್ಪಳದಿಂದ ಪೇಂಟರ್‌ಗಳನ್ನು ಕರೆಸಿದ. ಹೊಸ ಬಣ್ಣ ಕಂಡರೆ ಅವರಿಗೆ ಏನೋ ಮುಚ್ಚಿಟ್ಟಂತೆ ಅನ್ನಿಸುತ್ತದೆ, ಬೇಡ ಎಂದು ಸುರಕ್ಷತಾ ಅಧಿಕಾರಿಯಾದ ನಾನು ಬಡಕೊಂಡೆ. ಕೇಳುವವರು ಯಾರು? ಅವರು ಬರುವ ಹಿಂದಿನ ರಾತ್ರಿ ಅಲಾಯಿ ದೇವರ ಕೋಲಿಗೂ, ಆ ಸಣ್ಣ ಕೋಣೆಯ ಬಾಗಿಲು ಹೊಸ್ತಿಲಿಗೂ, ಹಸಿರು ಬಣ್ಣ ಬಿತ್ತು.

ನಮ್ಮ ಕಾರ್ಖಾನೆ ಮಾಡುವುದು ಕೀಟನಾಶಕಕ್ಕೆ ಬೇಕಾದ ಒಂದು ಫಾಸ್ಫರಸ್ ಸಂಯುಕ್ತ. ಆದರೆ ಇಂಥದೇ ಯಂತ್ರಗಳಲ್ಲಿ ಮನಸ್ಸು ಕೆಟ್ಟವನು ವಿಷಾಸ್ತ್ರವನ್ನೂ ಮಾಡಿಯಾನು. ಅದಕ್ಕೇ ವರ್ಷಕ್ಕೊಮ್ಮೆ ಸರ್ಕಾರದ ಮೂಲಕ ಘೋಷಣೆ ಕೊಡಬೇಕು, ಅದು ನಿಜವೋ ಎಂದು ಇವರು ನೋಡಲು ಬಂದರೆ ಬಾಗಿಲು ತೆಗೆಯಬೇಕು. ಘೋಷಣೆ ಬರೆಯುವವಳು ನಾನೇ. ಬರೆದು ಬರೆದು ಸಾಕಾಗಿದೆ.

ತಪಾಸಣೆ ಒಂದು ದಿನದೊಳಗೆ ಮುಗಿಯಬೇಕೆಂಬುದು ನಿಯಮ. ಬೆಳಿಗ್ಗೆ ನಾನು ನಕಾಶೆ ಇಟ್ಟುಕೊಂಡು ವಿವರಿಸಿದೆ. ಆಮೇಲೆ ತಂಡದ ಮುಖ್ಯಸ್ಥೆ ಇಲೋನಾ ರಿಯಾಕ್ಟರ್, ಕೊಳವೆ, ಗೋದಾಮು, ತ್ಯಾಜ್ಯದ ಹೊಂಡ, ಎಲ್ಲವನ್ನೂ ನೋಡುತ್ತ ನಡೆದಳು. ಜೊತೆಗೆ ದೆಹಲಿಯ ಅಧಿಕಾರಿ. ಬಿಸಿಲಿಗೆ ಹೆಲ್ಮೆಟ್ಟಿನೊಳಗೆ ತಲೆ ಬೇಯುತ್ತಿತ್ತು. ಎಲ್ಲ ಮುಗಿಯಿತೆನ್ನುವಾಗ ಬಾಯ್ಲರ್ ಹಿಂದಿನ ಹಸಿರು ಬಾಗಿಲ ಮುಂದೆ ಅವಳು ನಿಂತಳು. ಬೀಗ ಹಳೆಯದು, ಬಣ್ಣ ಹೊಸದು.

"ಇದರಲ್ಲಿ ಏನಿದೆ?"

ಕಾರ್ಖಾನೆ ಬರುವ ಮುಂಚೆ ಆ ಜಾಗದಲ್ಲಿ ಮೊಹರಮ್ ಹಬ್ಬಕ್ಕೆ ಅಲಾಯಿ ದೇವರನ್ನು ಕೂಡಿಸುತ್ತಿದ್ದರು. ಜಾಗ ಕೊಡುವಾಗ ಊರವರು ಉಳಿದ ದೇವರನ್ನೆಲ್ಲ ಹೊಸ ಕಡೆಗೆ ಒಯ್ದರು. ಒಂದು ಬೆಳ್ಳಿಯ ಪಂಜಾ ಮಾತ್ರ, ಹಸ್ತದಾಕಾರದ ಆ ದೇವರು, ನೆಲ ಬಿಟ್ಟು ಏಳುವುದಿಲ್ಲವೆಂದು ಇಲ್ಲೇ ಉಳಿಯಿತು. ಒಳಗೆ ದೇವರಿರುವ ತನಕ ಕೋಲಿ ಕೆಡವುವುದಿಲ್ಲ, ಪೂಜಾರಿಯ ಹೊರತು ಯಾರೂ ಕದ ತೆಗೆಯುವುದಿಲ್ಲ ಎಂದು ಕಂಪನಿ ಮಾತು ಕೊಟ್ಟಿತ್ತು. ಕೀಲಿ ಇರುವುದು ಬಾಯ್ಲರ್ ನೋಡಿಕೊಳ್ಳುವ ಮೆಹಬೂಬಸಾಬನ ಸೊಂಟದಲ್ಲಿ. ಅವನೇ ಪೂಜಾರಿ. ಹಿಂದೂ ಕೂಲಿ ಹೆಂಗಸರೂ ಪಾಳಿಗೆ ಹೋಗುವಾಗ ಆ ಹೊಸ್ತಿಲಿಗೆ ಕೈ ಮುಟ್ಟಿಸಿಯೇ ಹೋಗುತ್ತಾರೆ.

"ತೆಗಿಯಾಂಗಿಲ್ರಿ," ಎಂದ ಮೆಹಬೂಬಸಾಬ. ಮುಖ ಬೆವರಿತ್ತು.

"ಬೀಗ ಒಡೀರಿ," ಎಂದ ದುರಗೇಶ. ಆ ಜಾಗದಲ್ಲಿ ಹೊಸ ಟ್ಯಾಂಕ್ ಕೂಡಿಸುವ ಆಸೆ ಅವನಿಗೆ ಮೊದಲಿಂದಲೂ ಇತ್ತು. "ನೋಡಾಕ ಬಿಡ್ಲಿಲ್ಲ ಅಂತ ವರದಿಯೊಳಗ ಬಂದ್ರ ಯಾರ ಉತ್ತರ ಕೊಡಾವ್ರು?"

ಅವನು ಹೇಳಿದ್ದರಲ್ಲೂ ಸುಳ್ಳಿರಲಿಲ್ಲ. ಆ ಒಂದು ಸಾಲು ಹೇಗ್‌ಗೆ ಹೋಗಿ ದೆಹಲಿಗೆ ತಿರುಗಿ ಬಂದರೆ ವರ್ಷಗಟ್ಟಲೆ ಕಾಗದ ಬರೆಯುವುದು ನನ್ನ ಹಣೆಬರಹ. ದೆಹಲಿಯ ಅಧಿಕಾರಿ ಒಂದು ದಾರಿ ತೋರಿಸಿದ. ಒಪ್ಪಂದದಲ್ಲೇ ಮಿತಿಯಿಟ್ಟ ಪ್ರವೇಶ ಎಂಬುದಿದೆ: ಗುಟ್ಟಾಗಿಡಬೇಕಾದ್ದನ್ನು ಮುಚ್ಚಿಟ್ಟು, ಅನುಮಾನ ಹೋಗುವಷ್ಟನ್ನು ಮಾತ್ರ ತೋರಿಸಬಹುದು. ಇಲೋನಾ ಒಪ್ಪಿದಳು. ಪೂಜಾರಿಯನ್ನು ಬಿಟ್ಟರೆ ಅವಳ ಜೊತೆ ನಾನೊಬ್ಬಳೇ ಒಳಗೆ ಹೋಗುವುದು, ದೆಹಲಿಯವನು ಹೊಸ್ತಿಲಲ್ಲಿ ನಿಲ್ಲುವುದು, ದುರಗೇಶ ದೂರ ಸರಿಯುವುದು.

"ಕಾಕಾ, ಕದ ನೀವ ತೆಗೀರಿ," ಎಂದು ಬೇಡಿಕೊಂಡೆ. "ಇಲ್ಲಾಂದ್ರ ಅವ್ರು ಒಡೀತಾರ."

ಅವನು ಸೊಂಟದ ಕೀಲಿ ಬಿಚ್ಚಿ ಬೀಗ ತೆಗೆದ. ಇಲೋನಾ ಸೂರಿನ ತನಕ ಬ್ಯಾಟರಿ ಬೆಳಕು ಬಿಟ್ಟು ನೋಡಿದಳು. ಕೊಳವೆಯಿಲ್ಲ, ಮೋರಿಯಿಲ್ಲ, ಗಾಳಿ ಹೊರಹಾಕುವ ಫ್ಯಾನಿಲ್ಲ, ಕರೆಂಟೂ ಇಲ್ಲ. ಲೋಬಾನದ ಹೊಗೆಗೆ ಕಪ್ಪಾದ ಗೋಡೆ, ಮೂಲೆಯಲ್ಲಿ ಒಂದು ತಗಡಿನ ಪೆಟ್ಟಿಗೆ. ಸಣ್ಣ ಸಿಲಿಂಡರ್ ಹಿಡಿಯುವಷ್ಟು ದೊಡ್ಡದು. ಅವಳ ಕಣ್ಣು ಅಲ್ಲೇ ನಿಂತಿತು.

ಮೆಹಬೂಬಸಾಬ ಮುಚ್ಚಳ ಎತ್ತಿದ. ಮುಚ್ಚಳ ಅಡ್ಡವಾದದ್ದರಿಂದ ಹೊಸ್ತಿಲಲ್ಲಿದ್ದ ದೆಹಲಿಯವನಿಗೆ ಏನೂ ಕಾಣಲಿಲ್ಲ. ನಮಗೆ ಕಂಡಿತು. ಒಂದು ಹಸಿರು ಬಟ್ಟೆ, ಅದರ ಕೆಳಗೆ ಬರೀ ತಗಡು.

"ಪಂಜಾ ಕಳುವಾಗಿ ಭಾಳ ವರ್ಷ ಆತವ್ವ," ಎಂದು ಅವನು ಪಿಸುಗುಟ್ಟಿದ. "ಹೇಳಿದ್ರ ಕೋಲಿ ಕೆಡವ್ತಾರ. ನಮ್ಮಪ್ಪ ಕೂಡತಿದ್ದ ಜಾಗ ಇದು. ಖಾಲಿ ಪೆಟ್ಟಿಗಿ ಕಾಯಕೋತ ಬಂದೇನಿ."

ಕನ್ನಡ ತಿಳಿಯದ ಇಲೋನಾ ನನ್ನತ್ತ ತಿರುಗಿದಳು. ನಾನು ಎಲ್ಲ ಹೇಳಿದೆ. ಅವಳಿಗೆ ಸುಳ್ಳು ಹೇಳುವ ಹಕ್ಕು ನನಗಿರಲಿಲ್ಲ. ಅವಳು ಮುಚ್ಚಳವನ್ನು ತಾನೇ ಮೆಲ್ಲಗೆ ಇಳಿಸಿದಳು.

"ಒಪ್ಪಂದಕ್ಕೆ ಸಂಬಂಧಪಟ್ಟದ್ದು ಇಲ್ಲಿ ಏನೂ ಇಲ್ಲ. ಇಷ್ಟೇ ನಾನು ಬರೆಯುವುದು. ಉಳಿದದ್ದನ್ನು ಯಾರಿಗೂ ಹೇಳುವಂತಿಲ್ಲ, ಅದೂ ನಮ್ಮ ನಿಯಮವೇ," ಎಂದಳು.

ಅವರ ಕಾರುಗಳು ಗೇಟು ದಾಟಿದ ಮೇಲೆ ದುರಗೇಶ ಓಡಿ ಬಂದ. "ಮೇಡಂ, ಒಳಗ ಖರೇನ ದೇವ್ರು ಐತೇನ್ರಿ?"

ನನಗೆ ಸಿಟ್ಟು ಬಂತು, ಅಳುವೂ ಬಂತು. ಲೋಕಕ್ಕೆಲ್ಲ ನಿಜ ಬರೆದುಕೊಡುವುದೇ ನನ್ನ ಕೆಲಸ.

"ಐತ್ರಿ," ಎಂದೆ. "ನಾ ಕಣ್ಣಾರೆ ನೋಡೇನಿ."

ಮೆಹಬೂಬಸಾಬ ಬೀಗ ಹಾಕಿ ಹೊಸ್ತಿಲಿಗೆ ಹಣೆ ಮುಟ್ಟಿಸಿದ. ದುರಗೇಶ ನೋಡುತ್ತಿದ್ದ. ನಾನೂ ಬಗ್ಗಿ ಕೈ ಮುಟ್ಟಿಸಿದೆ. ಹೊಸ ಬಣ್ಣ ಇನ್ನೂ ಒಣಗಿರಲಿಲ್ಲ, ಬೆರಳಿಗೆ ಹಸಿರು ಹತ್ತಿತು.