ಏಕೆಂದರೆಗೆ ಒಂದು ಗೀಟು

ನಾನು ಬಾಯಿಬಡುಕಿ ಎಂಬುದರಲ್ಲಿ ನಮ್ಮ ಮನೆಯಲ್ಲಿ ಯಾರಿಗೂ ಎರಡು ಮಾತಿಲ್ಲ. ಅಂಥವಳು ನಪಾಸಾದದ್ದು ಮಾತಿನಲ್ಲೇ. ಅದೂ ವಿವರಿಸುವುದರಲ್ಲಿ! ಕೇಳಿದವರು ನಗುತ್ತಾರೆ, ನಗಲಿ. ನನಗೆ ಮಾತ್ರ ನೆನೆದರೆ ಮೈಯೆಲ್ಲ ಉರಿಯುತ್ತದೆ.

ಮಗಳು ಶಾಲೆಗೆ ಹೋಗಲು ಶುರುಮಾಡಿದ ಮೇಲೆ ನಾನು ಶಿಕ್ಷಕರ ತರಬೇತಿ ಕಾಲೇಜಿಗೆ ಸೇರಿದೆ. ನಾದಿನಿಯೂ, ಅಂದರೆ ನನ್ನ ಗಂಡನ ತಂಗಿಯೂ, ಅದೇ ತರಗತಿ. ಅವಳಿಗೆ ಯಾರೂ ಷರತ್ತು ಹಾಕಲಿಲ್ಲ. ನನಗೆ ಮಾತ್ರ ನಮ್ಮ ಯಜಮಾನರು ಮೊದಲೇ ಹೇಳಿಬಿಟ್ಟಿದ್ದರು: "ಒಂದೇ ವರ್ಷ ನೋಡು. ಅಲ್ಲೀವರೆಗೆ ಅಮ್ಮ ಮಗೂನ ನೋಡ್ಕೋತಾಳೆ. ಮಧ್ಯದಲ್ಲಿ ಎಡವಿದ್ರೆ ಅಲ್ಲಿಗೇ ನಿಲ್ಲಿಸಿಬಿಡು, ಮತ್ತೆ ರಗಳೆ ಬೇಡ." ನಾನೂ ಹೂಂ ಅಂದೆ. ಎಡವುವವಳು ನಾನಲ್ಲ ಎಂಬ ಜಂಬವಿತ್ತು.

ನಮ್ಮನ್ನು ನಿಜವಾದ ಶಾಲೆಗೆ ಪಾಠ ಮಾಡಲು ಕಳಿಸುವ ಮೊದಲು ಕಾಲೇಜಿನಲ್ಲೇ ಸೂಕ್ಷ್ಮ ಬೋಧನೆ ಮಾಡಿಸುತ್ತಾರೆ. ಪೂರ್ತಿ ಪಾಠವಲ್ಲ, ಒಂದು ಸಲಕ್ಕೆ ಒಂದೇ ಕೌಶಲ, ಒಂದೇ ಪುಟ್ಟ ವಿಷಯ, ಆರು ನಿಮಿಷ. ಸಹಪಾಠಿಗಳೇ ಮಕ್ಕಳಾಗಿ ಬೆಂಚಿನಲ್ಲಿ ಕೂರುತ್ತಾರೆ. ಒಬ್ಬರು ವೀಕ್ಷಕರಾಗಿ ಹಿಂದೆ ಕೂತು ನಮೂನೆ ತುಂಬುತ್ತಾರೆ. ಪಾಠ ಮುಗಿದ ಮೇಲೆ ಆರು ನಿಮಿಷ ಹಿಮ್ಮಾಹಿತಿ, ಅಂದರೆ ಎಲ್ಲಿ ಸರಿಯಾಯಿತು, ಎಲ್ಲಿ ಕೆಟ್ಟಿತು ಎಂದು ಹೇಳುವುದು. ಹನ್ನೆರಡು ನಿಮಿಷದಲ್ಲಿ ಯೋಜನೆ ತಿದ್ದಿಕೊಂಡು ಅದೇ ಪಾಠವನ್ನು ಮತ್ತೆ ಆರು ನಿಮಿಷ ಮಾಡಬೇಕು, ಮತ್ತೆ ಆರು ನಿಮಿಷ ಹೇಳಿಸಿಕೊಳ್ಳಬೇಕು. ಎರಡನೇ ಸಲವೂ ಕೌಶಲ ಬರಲಿಲ್ಲವೆಂದರೆ ನಮ್ಮ ಕಾಲೇಜಿನಲ್ಲಿ ಆ ವರ್ಷ ಶಾಲೆಗೆ ಕಳಿಸುವುದಿಲ್ಲ. ಮುಂದಿನ ವರ್ಷದವರ ಜೊತೆ ಮಾಡಬೇಕು. ನನಗೆ ಮುಂದಿನ ವರ್ಷ ಎಂಬುದೇ ಇರಲಿಲ್ಲ.

ಉಳಿದ ಕೌಶಲಗಳನ್ನೆಲ್ಲ ಲೀಲಾಜಾಲವಾಗಿ ದಾಟಿದೆ. ಕೊನೆಯದು ವಿವರಣಾ ಕೌಶಲ. ಗಾಳಿ ಬೀಸಿದರೆ ಒದ್ದೆ ಬಟ್ಟೆ ಯಾಕೆ ಬೇಗ ಒಣಗುತ್ತದೆ ಎಂಬುದನ್ನು ಆರಿಸಿಕೊಂಡೆ. ಯೋಜನೆಯನ್ನು ಕ್ರಮವಾಗಿ ಬರೆದೆ: ಏನು ಹೇಳಹೊರಟಿದ್ದೇನೆಂದು ತಿಳಿಸುವ ಆರಂಭದ ಮಾತು, ಒಂದರಿಂದ ಒಂದು ಹುಟ್ಟುವಂತೆ ಮುಖ್ಯಾಂಶಗಳು, ಎಲ್ಲವನ್ನೂ ಒಟ್ಟುಮಾಡುವ ಕೊನೆಯ ಮಾತು, ಅರ್ಥವಾಯಿತೇ ಎಂದು ನೋಡಲು ಎರಡು ಪ್ರಶ್ನೆ. ವೀಕ್ಷಕಿ ಯಾರು ಅಂತೀರಿ? ನಾದಿನಿಯೇ. ಮನೆಯವಳೇ ಅಲ್ಲವೇ ಎಂದು ನಿಶ್ಚಿಂತೆಯಾಗಿದ್ದೆ.

ಒದ್ದೆ ಬಟ್ಟೆಯಿಂದ ಕಪ್ಪು ಹಲಗೆಯ ಮೇಲೆ ಎರಡು ಕಡೆ ಒರೆಸಿ, ಒಂದಕ್ಕೆ ರಟ್ಟಿನಿಂದ ಗಾಳಿ ಹಾಕಿದೆ. ಅದು ಮೊದಲು ಒಣಗಿತು. "ಇದು ಹ್ಯಾಗೆ ಅಂತ ನೋಡೋಣ," ಎಂದು ಶುರುಮಾಡಿದೆ. "ಒದ್ದೆ ಜಾಗದಿಂದ ನೀರು ಆವಿಯಾಗಿ ಮೇಲೇಳ್ತಾ ಇರುತ್ತೆ. ಸುತ್ತ ಇರೋ ಗಾಳೀಲಿ ಆ ಆವಿ ತುಂಬಿಕೊಳ್ಳೋದ್ರಿಂದ ಅದಕ್ಕೆ ಇನ್ನಷ್ಟು ಹಿಡಿಸಲ್ಲ. ನಾವು ಬೀಸಿದಾಗ ಆ ಹಸಿ ಗಾಳಿ ಆಚೆ ಹೋಗಿ ಒಣ ಗಾಳಿ ಬರುತ್ತೆ. ಒಣ ಗಾಳಿ ಬಂದಿದ್ದಕ್ಕೆ ನೀರು ಮತ್ತೆ ಬೇಗ ಆವಿಯಾಗುತ್ತೆ." ಪ್ರಶ್ನೆ ಕೇಳಿದೆ, ಬೆಂಚಿನವರು ಪಟಪಟ ಉತ್ತರ ಹೇಳಿದರು. ಇನ್ನೇನು ಬೇಕು?

ಮೇಲ್ವಿಚಾರಕಿ ಮೇಡಂ ನಾದಿನಿಯ ನಮೂನೆ ತೆಗೆದುಕೊಂಡು ಓದಿದರು. ಆರಂಭದ ಮಾತು ಚೆನ್ನಾಗಿದೆ. ಮುಖ್ಯಾಂಶ ಬಿಟ್ಟಿಲ್ಲ. ಸಂಬಂಧವಿಲ್ಲದ ಮಾತಿಲ್ಲ. ತೊದಲಿಲ್ಲ. "ಕೊಂಡಿ ಪದಗಳು... ಸೊನ್ನೆ."

"ಸೊನ್ನೆಯಾ?"

"ನೋಡಮ್ಮ, ಇಲ್ಲಿ ಪಟ್ಟಿ ಇದೆ. ಏಕೆಂದರೆ, ಆದ್ದರಿಂದ, ಹೀಗಾಗಿ, ಇದರ ಪರಿಣಾಮವಾಗಿ. ಒಂದೊಂದು ಸಲ ಬಂದಾಗಲೂ ವೀಕ್ಷಕರು ಒಂದು ಗೀಟು ಹಾಕಬೇಕು. ನಿನ್ನ ಬಾಯಲ್ಲಿ ಒಂದೂ ಬರಲಿಲ್ಲ."

"ಮೇಡಂ, ತುಂಬಿಕೊಳ್ಳೋದ್ರಿಂದ ಅಂದೆನಲ್ಲ. ಬಂದಿದ್ದಕ್ಕೆ ಅಂದೆನಲ್ಲ. ಅವೇ ಕೊಂಡಿ ಅಲ್ವಾ?"

"ಅವು ಪದದ ಕೊನೆ. ಪಟ್ಟೀಲಿಲ್ಲ."

ಯಾವುದೋ ಭಾಷೆಯಿಂದ ಆ ನಮೂನೆಯನ್ನು ನಮ್ಮ ಭಾಷೆಗೆ ಇಳಿಸಿದ ಪುಣ್ಯಾತ್ಮನಿಗೆ ಏನು ಹೇಳಲಿ! ಅಲ್ಲಿ ಕಾರಣ ಹೇಳಲು ಬೇರೆ ಪದವೇ ಬೇಕಂತೆ. ನಮ್ಮಲ್ಲಿ ಅದು ಕ್ರಿಯಾಪದದ ಬಾಲಕ್ಕೆ ಅಂಟಿಕೊಂಡೇ ಬರುತ್ತದೆ. ಜ್ವರ ಬಂದಿದ್ದಕ್ಕೆ ಬರಲಿಲ್ಲ, ಬಸ್ ತಪ್ಪಿದ್ದರಿಂದ ತಡವಾಯಿತು. ಯಾವ ತಾಯಿ ಮಗುವಿಗೆ "ಏಕೆಂದರೆ" ಎನ್ನುತ್ತಾಳೆ? ಇದನ್ನೆಲ್ಲ ಮೇಡಂ ಮುಂದೆ ಹೇಳಿಯೂ ಹೇಳಿದೆ. ಅವರು ಕನ್ನಡಕ ಒರೆಸಿಕೊಂಡರು.

"ನೀನು ಹೇಳೋದು ಸುಳ್ಳಲ್ಲಮ್ಮ. ಆದ್ರೆ ತಪಾಸಣೆಗೆ ಬರೋರು ನಿನ್ನ ಪಾಠ ಕೇಳಲ್ಲ, ಗೀಟು ಎಣಿಸ್ತಾರೆ. ನಾಲ್ಕು ಸಲ ಅಂದುಬಿಡು, ನಿನ್ನ ಗಂಟೇನು ಹೋಗುತ್ತೆ?"

ಹನ್ನೆರಡು ನಿಮಿಷಕ್ಕೆಂದು ಹೊರಗೆ ಬಂದೆ. ನಮ್ಮಲ್ಲಿ ಒಬ್ಬನಿದ್ದಾನೆ, ಗಂಟಲು ದೊಡ್ಡದೆಂದು ಮೈಕು ಎಂದೇ ಕರೆಯುತ್ತೇವೆ. ಹಿಂದಿನ ದಿನ ಅವನು "ಕಪ್ಪೆ ನೆಗೆಯುತ್ತದೆ, ಏಕೆಂದರೆ ಅದು ನೆಗೆಯುವ ಪ್ರಾಣಿ, ಆದ್ದರಿಂದ ಅದು ನೆಗೆಯುತ್ತದೆ" ಎಂದು ಪಾಠ ಮಾಡಿ ಸಾಲು ತುಂಬ ಗೀಟು ಬಾಚಿಕೊಂಡಿದ್ದ. "ಅಕ್ಕಾ, ಒಗ್ಗರಣೆಗೆ ಸಾಸಿವೆ ಹಾಕ್ದಂಗೆ ಸಿಡಿಸಿಬಿಡಿ. ಎಲ್ಲಿ ಬಿದ್ರೂ ಆಗುತ್ತೆ," ಎಂದು ಧೈರ್ಯ ಹೇಳಿದ. ನನಗೆ ನಗುವೂ ಬಂತು, ಹೊಟ್ಟೆಯೂ ಉರಿಯಿತು.

ನಾದಿನಿ ನೀರಿನ ನಲ್ಲಿಯ ಹತ್ತಿರ ಬಂದು ಕೈ ಹಿಡಿದುಕೊಂಡಳು. "ಅತ್ತಿಗೆ, ಬೇಜಾರಾಗ್ಬೇಡಿ. ಮೇಡಂ ಎದುರಿಗೆ ನಂಗೆ ಕೈ ಓಡಲಿಲ್ಲ. ಈ ಸಲ ನೀವು ಆದ್ರಿಂದ ಹೋದ್ರಿಂದ ಏನಂದ್ರೂ ಗೀಟು ಹಾಕ್ತೀನಿ. ನಿಮ್ಮಾಣೆ."

"ಆಣೆಗೀಣೆ ಬೇಡ. ಕೇಳಿಸಿದ್ದನ್ನ ಹಾಕು, ಸಾಕು," ಎಂದೆ. ಆದರೂ ಮನಸ್ಸು ಹಗುರಾಯಿತು. ಜಾಗ್ರತೆಗೆ ಇರಲಿ ಎಂದು ಯೋಜನೆಯ ಅಂಚಿನಲ್ಲಿ ನಾಲ್ಕು ಕಡೆ "ಏಕೆಂದರೆ" ಎಂದು ಬರೆದುಕೊಂಡೆ.

ಎರಡನೇ ಪಾಠದಲ್ಲಿ ಮೊದಲನೆಯದನ್ನು ಹೇಳಿದೆ. ಬಾಯಿಗೆ ಕಲ್ಲು ಸಿಕ್ಕ ಹಾಗಾಯಿತು. ಅಷ್ಟರಲ್ಲಿ ಬೆಂಚಿನಲ್ಲಿ ಕೂತಿದ್ದ ಒಬ್ಬ ಹುಡುಗಿ ಕೈ ಎತ್ತಿದಳು. ಮಕ್ಕಳ ನಾಟಕವಾಡುತ್ತಿರಲಿಲ್ಲ; ಅವಳ ಮುಖ ನೋಡಿದರೇ ಗೊತ್ತಾಗುತ್ತಿತ್ತು. "ಮಳೆಗಾಲದಲ್ಲಿ ಜೋರು ಗಾಳಿ ಬೀಸಿದ್ರೂ ಬಟ್ಟೆ ಒಣಗಲ್ವಲ್ಲ, ಅದ್ಯಾಕೆ?"

ಎಂಥ ಪ್ರಶ್ನೆ! ನನ್ನ ಕಾಲು ನೆಲದ ಮೇಲಿರಲಿಲ್ಲ. ಅಂಚು ಗಿಂಚು ಎಲ್ಲ ಮರೆತೆ. "ಆಗ ಬೀಸಿ ಬರೋ ಗಾಳಿನೂ ಹಸಿಯಾಗೇ ಇರುತ್ತಲ್ಲಮ್ಮ. ಹಸಿ ಗಾಳಿ ಹೋಗಿ ಹಸಿ ಗಾಳಿನೇ ಬಂದಿದ್ದಕ್ಕೆ ನೀರು ಆವಿಯಾಗೋದು ನಿಧಾನ ಆಗುತ್ತೆ. ಗಾಳಿ ಬೀಸಿದ್ರಷ್ಟೇ ಸಾಲದು, ಬರೋ ಗಾಳಿ ಒಣಗಿರ್ಬೇಕು." ಹುಡುಗಿ "ಓ!" ಎಂದಳು. ಮೈಕು ಕೂಡ "ಓ!" ಎಂದ. ನಾನು ಟೀಚರ್ ಆಗಿಯೇ ತೀರುತ್ತೇನೆ ಎಂದು ಆ ಕ್ಷಣ ಅನ್ನಿಸಿತು. ಅಷ್ಟು ಸಂತೋಷ ನನಗೆ ಮದುವೆಯಲ್ಲೂ ಆಗಿರಲಿಲ್ಲ, ಸುಳ್ಳೇಕೆ ಹೇಳಲಿ. ಕೊನೆಯ ಮಾತು ಹೇಳಿ ಮುಗಿಸಿದಾಗ ಸರಿಯಾಗಿ ಗಂಟೆ ಹೊಡೆಯಿತು.

"ವೀಕ್ಷಕರು ಹೇಳಿ," ಎಂದರು ಮೇಡಂ. "ಕೊಂಡಿ ಪದ ಎಷ್ಟು?"

ನಾದಿನಿ ನನ್ನ ಕಡೆ ನೋಡಲಿಲ್ಲ. ಮೇಡಂ ಕೈಯಲ್ಲಿದ್ದ ಪೆನ್ನನ್ನೇ ನೋಡುತ್ತ, "ಒಂದು," ಎಂದಳು.

"ಸರಿಯಾಗಿ ನೋಡಮ್ಮ. ಇದು ಕೊನೇ ಸಲ."

"ಒಂದೇ ಮೇಡಂ. ಏಕೆಂದರೆಗೆ ಒಂದು ಗೀಟು."

ಮೇಡಂ ನಮೂನೆಯನ್ನು ತಾವೇ ಒಮ್ಮೆ ನೋಡಿದರು. ಅವರಿಗೂ ಸಂಕಟವಾಗಿತ್ತು, ಆದರೆ ಅವರ ಸಂಕಟ ಕಟ್ಟಿಕೊಂಡು ನಾನೇನು ಮಾಡಲಿ? "ಮರು ಅಭ್ಯಾಸ ಬೇಕು" ಎಂದು ಬರೆದು ಸಹಿ ಹಾಕಿದರು. ಹೊರಗೆ ಬಂದವಳೇ ನಾದಿನಿಯ ತೋಳು ಹಿಡಿದೆ. "ಯಾಕೇ ಹೀಗ್ ಮಾಡ್ದೆ?" ಎಂದೆ. "ಮೇಡಂ ಪಕ್ಕದಲ್ಲೇ ನಿಂತಿದ್ರು ಅತ್ತಿಗೆ," ಎಂದು ಅಳತೊಡಗಿದಳು. ನಾನು ಅಳಬೇಕಾದ ಜಾಗದಲ್ಲೂ ಅವಳೇ ಅತ್ತಳು. ದಾರಿಯುದ್ದಕ್ಕೂ ನಾನೇ ಅವಳ ಚೀಲ ಹಿಡಿದುಕೊಂಡು ಬಂದೆ.

ಸಂಜೆ ಯಜಮಾನರು ಬಸ್ ಡಿಪೋದ ಕೆಲಸ ಮುಗಿಸಿ ಬಂದು ಕೈಕಾಲು ತೊಳೆದು ಕೂತರು. ಅತ್ತೆ ನನ್ನ ಮಗಳ ತಲೆ ಬಾಚುತ್ತಿದ್ದರು. "ಏನಾಯ್ತು ಇವಳದ್ದು?" ಎಂದು ಯಜಮಾನರು ಕೇಳಿದ್ದು ನನ್ನನ್ನಲ್ಲ, ತಂಗಿಯನ್ನು.

"ಅತ್ತಿಗೆ ಪಟ್ಟೀಲಿರೋ ಮಾತು ಬಳಸದೇ ಇದ್ದಿದ್ದಕ್ಕೆ ಗೀಟು ಬೀಳಲಿಲ್ಲ ಅಣ್ಣ. ಗೀಟು ಕಮ್ಮಿಯಾಗಿದ್ರಿಂದ ಮೇಡಂ ಪಾಸ್ ಮಾಡಲಿಲ್ಲ. ಅದಕ್ಕೇ ಈ ವರ್ಷ ಶಾಲೆಗೆ ಕಳಿಸಲ್ಲ."

"ಹೌದಾ," ಎಂದರು ಯಜಮಾನರು. ಅತ್ತೆಯೂ ತಲೆಯಾಡಿಸಿದರು. ಎಲ್ಲರಿಗೂ ನೀರು ಕುಡಿದಷ್ಟು ಸಲೀಸಾಗಿ ಅರ್ಥವಾಗಿತ್ತು.

ನನಗೆ ತಡೆಯಲಾಗಲಿಲ್ಲ. "ಕೇಳಿದ್ರಾ? ಇದ್ದಿದ್ದಕ್ಕೆ ಅಂದ್ಳು, ಆಗಿದ್ರಿಂದ ಅಂದ್ಳು! ಒಂದು ಏಕೆಂದರೆ ಇಲ್ಲದೆ ನಿಮಗೆಲ್ಲ ಅರ್ಥ ಆಯ್ತೋ ಇಲ್ವೋ? ನಾನೂ ಹೀಗೇ ಹೇಳಿದ್ದು, ಇದಕ್ಕೇ ನನ್ನ ಕೂರಿಸಿದ್ದು!"

ಮೂವರೂ ನನ್ನನ್ನು ಮಿಕಮಿಕ ನೋಡಿದರು. ಜೀವಮಾನದಲ್ಲಿ ಮೊದಲ ಸಲ ನಾನು ಹೇಳಿದ್ದು ಯಾರಿಗೂ ಅರ್ಥವಾಗಲಿಲ್ಲ. "ಕುಣಿಯಲಾರದವಳು ನೆಲ ಡೊಂಕು ಅಂದಳಂತೆ," ಎಂದರು ಅತ್ತೆ, ಮಗಳ ಜಡೆಗೆ ಗಂಟು ಹಾಕುತ್ತ. ಯಜಮಾನರು ಕೂಗಾಡಲೂ ಇಲ್ಲ. "ಹೋಗ್ಲಿ ಬಿಡು. ಮಾತಾಡ್ಕೊಂಡಿದ್ದೇ ಅಲ್ವಾ? ನಾಳೆಯಿಂದ ಅಮ್ಮನಿಗೂ ಸ್ವಲ್ಪ ಬಿಡುವಾಗುತ್ತೆ," ಎಂದು ಎದ್ದು ಹೋದರು. ಅಲ್ಲಿಗೆ ಮುಗಿಯಿತು. ನನ್ನ ಒಂದು ವರ್ಷ ಗಂಟುಮೂಟೆ ಕಟ್ಟಿದ್ದಕ್ಕೆ ಅಷ್ಟೇ ಮಾತು.

ಆಮೇಲೆ ನಾನು ಅಡುಗೆಮನೆಯಲ್ಲಿ ಪಾತ್ರೆ ಉಜ್ಜುತ್ತಿದ್ದೆ. ನಾದಿನಿ ಬಂದು ಬಾಗಿಲಿಗೆ ಒರಗಿ ನಿಂತಳು. ಕೈಯಲ್ಲಿ ಪುಸ್ತಕ, ಪೆನ್ನು.

"ಅತ್ತಿಗೆ, ಕೋಪಾನಾ?"

ನಾನು ಇನ್ನೊಂದು ಪಾತ್ರೆ ಎತ್ತಿಕೊಂಡೆ.

"ಸೋಮವಾರ ನಂಗೆ ಶಾಲೇಲಿ ಮೊದಲ್ನೇ ಪಾಠ. ಅದೇ ಕೊಟ್ಟಿದ್ದಾರೆ, ನೀರು ಆವಿಯಾಗೋದು. ಹುಡುಗ್ರು ಮಳೆಗಾಲದ್ದು ಕೇಳಿದ್ರೆ ಏನ್ ಹೇಳ್ಲಿ? ಗೀಟು ಹಾಕೋ ಗಡಿಬಿಡೀಲಿ ನೀವು ಹೇಳಿದ್ದು ನಾನು ಕೇಳಿಸ್ಕೊಳ್ಳಲೇ ಇಲ್ಲ."

ತೊಳೆದ ಲೋಟವನ್ನು ಬೋರಲು ಹಾಕಿದೆ. ಆ ಉತ್ತರ ನನ್ನ ನಾಲಿಗೆಯ ತುದಿಯಲ್ಲೇ ಇತ್ತು. ಮೂರು ಮಾತು. ಹೇಳಿದ್ದರೆ ನಲವತ್ತು ಮಕ್ಕಳಿಗೆ ತಿಳಿಯುತ್ತಿತ್ತು.

"ಏಕೆಂದರೆ ಅಂತ ಶುರುಮಾಡು," ಎಂದೆ. "ಆಮೇಲೆ ಏನು ಬೇಕಾದ್ರೂ ಹೇಳು."

ಅವಳು ಅದನ್ನು ಬರೆದುಕೊಂಡಳು.