ಮೂಲದಲ್ಲಿಲ್ಲದ ಎಚ್ಚರಿಕೆ

ಸಂಧಿವಾತದ ಮಾತ್ರೆಯ ಮಾಹಿತಿ ಚೀಟಿಯನ್ನು ಔಷಧಿ ಅಂಗಡಿಯವರಿಗಾಗಿ ಕನ್ನಡಕ್ಕೆ ತರುತ್ತಿದ್ದ ವಸುಮತಿಯ ಪೆನ್ನು ‘ವಾರಕ್ಕೊಮ್ಮೆ’ ಎಂಬಲ್ಲಿ ನಿಂತಿತು. ನಾಲ್ಕು ವರ್ಷದ ಹಿಂದೆ ಇದೇ ಮೆಥೊಟ್ರೆಕ್ಸೇಟ್ ಮಾತ್ರೆಯನ್ನು ಅಂಗಡಿಯವನೊಬ್ಬ ‘ದಿನಕ್ಕೊಮ್ಮೆ’ ಎಂದು ಬರೆದುಕೊಟ್ಟಿದ್ದ. ಹನ್ನೊಂದು ದಿನ ನುಂಗಿದ ಅಮ್ಮ ಬಾಯೆಲ್ಲ ಹುಣ್ಣಾಗಿ, ರಕ್ತಕಣಗಳ ಸಂಖ್ಯೆ ಕುಸಿದು ತೀರಿಕೊಂಡಿದ್ದರು.

ಅವಳು ‘ದಿನವೂ ಕೊಡಬೇಡಿ’ ಎಂದು ಸೇರಿಸಿದಳು. ಅವಳು ಕೆಲಸ ಮಾಡುವ ಚಾಮರಾಜಪೇಟೆಯ ಅನುವಾದ ಕಚೇರಿಯಲ್ಲಿ ಕರಡು ನೋಡುವ ಧರ್ಮರಾಜು ಬೇಡವೆಂದು ತಲೆಯಾಡಿಸಿದರು.

“ಮೂಲದಲ್ಲಿ ಇಲ್ವಲ್ಲಮ್ಮ. ನಾವಾಗೇ ಒಂದು ಪದಾನೂ ಸೇರಿಸೋ ಹಾಗಿಲ್ಲ.”

“ಗೊತ್ತು ಸಾರ್,” ಎಂದು ಅವಳೇ ಹೊಡೆದುಹಾಕಿದಳು. ಅಮ್ಮನ ಸಾವನ್ನು ವಿವರಿಸಿ ಮಾತ್ರೆ ತಯಾರಿಸುವ ಕಂಪನಿಗೆ ಪತ್ರ ಬರೆದಳು.

ಎಂಟು ತಿಂಗಳ ಮೇಲೆ ತಿದ್ದಿದ ಇಂಗ್ಲಿಷ್ ಪ್ರತಿ ಬಂತು. ಎಚ್ಚರಿಕೆ ಅದರಲ್ಲಿತ್ತು. ಇದ್ದಷ್ಟನ್ನೇ ಅನುವಾದಿಸಿ ಕೊಟ್ಟಳು.

“ಸಮಾಧಾನ ಆಯ್ತೇನಮ್ಮ?” ಎಂದರು ಧರ್ಮರಾಜು.

“ಬೇರೆಯವರಿಗಾದ್ರೂ ಹಾಗಾಗಲ್ವಲ್ಲ ಸಾರ್,” ಎಂದವಳು ಮೇಜಿಗೆ ತಲೆಯಿಟ್ಟು ಅತ್ತಳು.